ಕಾಂತ ತಿರುಗಿದಾಗ ತಿರುಗುವ ವೋಲ್ಟೇಜ್

"ಮೇಡಂ, ನನ್ನ ಫಿಲ್ಮು ಪಿ-ಟೈಪ್ ಬಂದಿದೆ!" ಎನ್ನುತ್ತ ನಮ್ಮ ಪ್ರಯೋಗಾಲಯದ ವಿದ್ಯಾರ್ಥಿನಿಯೊಬ್ಬಳು ಪ್ರಿಂಟೌಟ್ ಹಿಡಿದು ಬಂದಳು. ಮುಖದಲ್ಲಿ ಖುಷಿ ಉಕ್ಕುತ್ತಿತ್ತು. ಗಾಜಿನ ಮೇಲೆ ಅಲ್ಯೂಮಿನಿಯಂ ಬೆರೆಸಿದ ಜಿಂಕ್ ಆಕ್ಸೈಡಿನ ತೆಳು ಪದರವನ್ನು ಸ್ಪಟರಿಂಗ್ ವಿಧಾನದಲ್ಲಿ ಕೂರಿಸಿದ್ದಳು. ಸೌರಕೋಶಗಳ ಮೇಲೆ ಪಾರದರ್ಶಕ ವಾಹಕವಾಗಿ ಬಳಸುವ ಪದಾರ್ಥ ಅದು. ಹಾಲ್ ಅಳತೆಯ ಯಂತ್ರ ಹಾಳೆಯ ಮೇಲೆ ಪ್ಲಸ್ ಚಿಹ್ನೆ ಒತ್ತಿತ್ತು. ಯಂತ್ರವನ್ನು ನಂಬುವುದಾದರೆ ಆ ಫಿಲ್ಮಿನಲ್ಲಿ ವಿದ್ಯುತ್ತನ್ನು ಹೊತ್ತು ಓಡುತ್ತಿದ್ದುದು ಎಲೆಕ್ಟ್ರಾನ್‌ಗಳಲ್ಲ, ಹೋಲ್‌ಗಳು.

ನನಗೆ ನಂಬಿಕೆ ಬರಲಿಲ್ಲ. ಜಿಂಕ್ ಕೂರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಪರಮಾಣು ಕೂತರೆ ಅದರ ಬಳಿ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಉಳಿಯುತ್ತದೆ, ಅದು ಫಿಲ್ಮಿನೊಳಗೆ ಬಿಡುಗಡೆಯಾಗುತ್ತದೆ. ಇಂಥ ಫಿಲ್ಮು ಎನ್-ಟೈಪ್ ಆಗಿಯೇ ತೀರಬೇಕು. ಆದರೂ ಅವಳ ಅಂಕಿಗಳಲ್ಲಿ ಮೇಲುನೋಟಕ್ಕೆ ಯಾವ ಹುಳುಕೂ ಕಾಣಲಿಲ್ಲ. ಎಂಟು ರೀಡಿಂಗ್‌ಗಳೂ ಒಂದಕ್ಕೊಂದು ತಾಳೆಯಾಗುತ್ತಿದ್ದವು. ಅವು ಹೇಗೆ ತಪ್ಪಾದವು ಎಂದು ತಿಳಿಯಲು ಅಳತೆಯನ್ನು ಮೊದಲಿಂದ ಮಾಡಿ ನೋಡಬೇಕಾಯಿತು. ಅದೇ ದಾರಿಯಲ್ಲಿ ನಿಮ್ಮನ್ನೂ ಕರೆದೊಯ್ಯುತ್ತೇನೆ.

ಮೊದಲು ತತ್ತ್ವ. ಮೇಜಿನ ಮೇಲೆ ಫಿಲ್ಮು ಮಲಗಿದೆ, ನೀವು ಮೇಲಿಂದ ನೋಡುತ್ತಿದ್ದೀರಿ. ಕರೆಂಟು ಎಡದಿಂದ ಬಲಕ್ಕೆ ಹರಿಯುತ್ತಿದೆ, ಕಾಂತಕ್ಷೇತ್ರ ಫಿಲ್ಮಿನಿಂದ ನಿಮ್ಮ ಕಣ್ಣಿನ ಕಡೆಗೆ ಏಳುತ್ತಿದೆ. ಕಾಂತಬಲ ಓಡುವ ಕಣಗಳನ್ನು ನಿಮಗೆ ಹತ್ತಿರವಿರುವ ಅಂಚಿಗೆ ತಳ್ಳುತ್ತದೆ. ಕಣ ಪಾಸಿಟಿವ್ ಆಗಿರಲಿ, ನೆಗೆಟಿವ್ ಆಗಿರಲಿ, ತಳ್ಳುವ ದಿಕ್ಕು ಮಾತ್ರ ಒಂದೇ. ಎಲೆಕ್ಟ್ರಾನಿನ ಚಾರ್ಜೂ ಉಲ್ಟಾ, ಅದು ಓಡುವ ದಿಕ್ಕೂ ಉಲ್ಟಾ. ಹಾಗಾಗಿ ಎರಡೂ ಸೇರಿ ಬಲದ ದಿಕ್ಕು ಬದಲಾಗುವುದಿಲ್ಲ. ಹತ್ತಿರದ ಅಂಚಿನಲ್ಲಿ ಎಲೆಕ್ಟ್ರಾನ್‌ಗಳು ಜಮಾಯಿಸಿದರೆ ಆ ಅಂಚು ನೆಗೆಟಿವ್, ಹೋಲ್‌ಗಳು ಜಮಾಯಿಸಿದರೆ ಪಾಸಿಟಿವ್. ಎರಡು ಅಂಚುಗಳ ನಡುವೆ ಹೀಗೆ ಹುಟ್ಟುವುದೇ ಹಾಲ್ ವೋಲ್ಟೇಜ್. ಅದರ ಚಿಹ್ನೆಯಿಂದ ಕಣದ ಜಾತಿ ತಿಳಿಯುತ್ತದೆ, ಗಾತ್ರದಿಂದ ಕಣಗಳ ಸಂಖ್ಯೆ ತಿಳಿಯುತ್ತದೆ. ಕಣಗಳು ಕಡಿಮೆಯಿದ್ದಷ್ಟೂ ಅದೇ ಕರೆಂಟಿಗೆ ಒಂದೊಂದೂ ಹೆಚ್ಚು ವೇಗವಾಗಿ ಓಡಬೇಕು. ವೇಗ ಹೆಚ್ಚಿದಂತೆ ತಳ್ಳುವ ಬಲ ಹೆಚ್ಚುತ್ತದೆ, ವೋಲ್ಟೇಜೂ ಹೆಚ್ಚುತ್ತದೆ.

1879ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲೆಂಡ್ ಅವರ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ ಇದನ್ನು ಮೊದಲು ಕಂಡದ್ದು ಗಾಜಿನ ಮೇಲೆ ಅಂಟಿಸಿದ ಚಿನ್ನದ ತಗಡಿನಲ್ಲಿ. ಲೋಹದಲ್ಲಿ ಎಲೆಕ್ಟ್ರಾನ್‌ಗಳು ವಿಪರೀತ ಇರುವುದರಿಂದ ಹಾಲ್ ವೋಲ್ಟೇಜ್ ತೀರಾ ಸಣ್ಣದು. ತೆಳುವಾದ ತಗಡು ತೆಗೆದುಕೊಂಡಿದ್ದರಿಂದ ಮಾತ್ರ ಅದು ಕೈಗೆ ಸಿಕ್ಕಿತು.

ಈಗ ನಮ್ಮ ಫಿಲ್ಮು. ಅವಳ ಗಾಜಿನ ಬೇರೊಂದು ಜಾಗದಿಂದ ಒಂದು ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿದೆವು. ಆ ಜಾಗವನ್ನೇ ಏಕೆ ಆರಿಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಪದರದ ದಪ್ಪ 200 ನ್ಯಾನೊಮೀಟರ್. ನಾಲ್ಕು ಮೂಲೆಗಳಲ್ಲಿ ಇಂಡಿಯಂನ ಸಣ್ಣ ಚೂರುಗಳನ್ನು ಒತ್ತಿ ಕೂರಿಸಿದೆವು. ಇಂಡಿಯಂ ಬೆಣ್ಣೆಯ ಹಾಗೆ ಮೆತ್ತಗಿನ ಲೋಹ. ಚೂಪಾದ ಕಡ್ಡಿಯಿಂದ ಒತ್ತಿದರೆ ಫಿಲ್ಮಿಗೆ ಹಿಡಿದುಕೊಳ್ಳುತ್ತದೆ, ಅದರ ಮೇಲೆ ತೆಳು ತಂತಿಯಿಟ್ಟು ಇನ್ನೊಮ್ಮೆ ಒತ್ತಿದರೆ ಸಂಪರ್ಕ ಸಿದ್ಧ. ಚೂರು ಮೂಲೆಯ ತುದಿಯಲ್ಲೇ ಕೂರಬೇಕು, ಒಂದು ಮಿಲಿಮೀಟರಿಗಿಂತ ಹರಡಬಾರದು. ಸಂಪರ್ಕ ಹರಡಿದರೆ ರೋಧದ ಅಳತೆ ಕೆಡುವುದು ಅಗಲದ ವರ್ಗಕ್ಕೆ ತಕ್ಕಂತೆ, ಹಾಲ್ ಅಳತೆ ಕೆಡುವುದು ನೇರವಾಗಿ ಅಗಲಕ್ಕೇ ತಕ್ಕಂತೆ. ಹತ್ತು ಮಿಲಿಮೀಟರ್ ತುಂಡಿನಲ್ಲಿ ಒಂದು ಮಿಲಿಮೀಟರ್ ಚುಕ್ಕೆಗಳಿದ್ದರೆ ರೋಧಕ್ಕೆ ಹೆಚ್ಚು ತೊಂದರೆಯಿಲ್ಲ, ಆದರೆ ಹಾಲ್ ವೋಲ್ಟೇಜು ಶೇಕಡಾ ಕೆಲವು ಅಂಶ ಕಡಿಮೆ ಕಾಣುತ್ತದೆ. ರೋಧ ಚೆನ್ನಾಗಿ ಬಂತೆಂದು ಹಾಲ್ ಅಳತೆಯೂ ಚೆನ್ನಾಗಿದೆ ಎಂದುಕೊಳ್ಳಬಾರದು.

ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಂಪರ್ಕಗಳಿಗೆ 1, 2, 3, 4 ಎಂದು ನಂಬರು ಕೊಟ್ಟೆವು. ನಂಬರು ಬರೆದ ಕ್ರಮ ತಪ್ಪಿದರೆ ಚಿಹ್ನೆಯೇ ತಿರುಗಿಬಿಡುತ್ತದೆ, ಆದ್ದರಿಂದ ಇದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಿಯೇ ಇಡಬೇಕು. ಮುಂದೆ ಪಕ್ಕಪಕ್ಕದ ಒಂದೊಂದು ಜೋಡಿಗೂ ಮೈನಸ್ 1 ಮಿಲಿಆಂಪಿಯರಿನಿಂದ ಪ್ಲಸ್ 1 ಮಿಲಿಆಂಪಿಯರಿನವರೆಗೆ ಕರೆಂಟು ಬಿಟ್ಟು ವೋಲ್ಟೇಜ್ ನೋಡಿದೆವು. ಗ್ರಾಫು ಸೊನ್ನೆಯ ಮೂಲಕ ಹಾದುಹೋಗುವ ನೇರ ಗೆರೆಯಾಗಿರಬೇಕು. ಬಾಗಿದರೆ ಆ ಸಂಪರ್ಕ ಡಯೋಡಿನ ಹಾಗೆ ವರ್ತಿಸುತ್ತಿದೆ ಎಂದರ್ಥ. ಆಗ ಇಂಡಿಯಂ ಕಿತ್ತು ಮತ್ತೆ ಒತ್ತಬೇಕು, ಮುಂದಿನ ಯಾವ ಲೆಕ್ಕವೂ ಅದನ್ನು ಸರಿಪಡಿಸಲಾರದು.

ಕಾಂತ ಇಲ್ಲದೆ ಮಾಡುವ ಮೊದಲ ಅಳತೆ ಶೀಟ್ ರೆಸಿಸ್ಟೆನ್ಸ್, `Rs`. ಚೌಕದ ತುಂಡೊಂದರ ಎದುರುಬದುರಿನ ಎರಡು ಅಂಚುಗಳ ನಡುವಿನ ರೋಧ ಅದು. 1ರಿಂದ 2ಕ್ಕೆ ಕರೆಂಟು ಬಿಟ್ಟು 4 ಮತ್ತು 3ರ ನಡುವಿನ ವೋಲ್ಟೇಜ್ ಅಳೆದು ಭಾಗಿಸಿದೆವು, 11.40 ಓಮ್ ಬಂತು. ಇದಕ್ಕೆ `RA` ಎನ್ನೋಣ. 2ರಿಂದ 3ಕ್ಕೆ ಕರೆಂಟು ಬಿಟ್ಟು 1 ಮತ್ತು 4ರ ನಡುವೆ ಅಳೆದಾಗ 10.70 ಓಮ್, ಇದು `RB`. 1958ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ವ್ಯಾನ್ ಡರ್ ಪಾವ್ ತೋರಿಸಿಕೊಟ್ಟ ಪ್ರಕಾರ, ತುಂಡು ಯಾವ ಆಕಾರದ್ದೇ ಆಗಿರಲಿ, ಈ ಎರಡು ಅಂಕಿಗಳು ಸಿಕ್ಕರೆ ಸಾಕು:

```
exp(-π·RA/Rs) + exp(-π·RB/Rs) = 1
```

ಅವರು ಹಾಕಿದ ಷರತ್ತುಗಳು ಬೆರಳೆಣಿಕೆಯಷ್ಟು. ಸಂಪರ್ಕಗಳು ಅಂಚಿನಲ್ಲಿರಬೇಕು, ಚಿಕ್ಕದಾಗಿರಬೇಕು. ಫಿಲ್ಮು ಎಲ್ಲ ಕಡೆ ಒಂದೇ ಸಮ ಇರಬೇಕು, ನಡುವೆ ತೂತಿರಬಾರದು. ನಮ್ಮ ಎರಡು ಅಂಕಿಗಳು ಹತ್ತಿರವಿರುವುದರಿಂದ ಸಮೀಕರಣ ಬಿಡಿಸುವ ಗೋಜೂ ಇಲ್ಲ. ಸರಾಸರಿ 11.05 ಓಮನ್ನು 4.532ರಿಂದ ಗುಣಿಸಿದರೆ ಸುಮಾರು 50.1 ಓಮ್ ಸಿಗುತ್ತದೆ. ಇದನ್ನು ದಪ್ಪದಿಂದ ಗುಣಿಸಿದರೆ ರೆಸಿಸ್ಟಿವಿಟಿ `1.0 × 10⁻³ Ω·cm`.

ಇಲ್ಲಿ ಕರೆಂಟಿನ ಜೋಡಿಯನ್ನೂ ವೋಲ್ಟೇಜಿನ ಜೋಡಿಯನ್ನೂ ಅದಲುಬದಲು ಮಾಡಿ ಮತ್ತೆ ಅಳೆಯಬೇಕು. ಅಂಕಿ ಬದಲಾಗಬಾರದು. ಶೇಕಡಾ ಎರಡು ಮೂರರಷ್ಟು ವ್ಯತ್ಯಾಸ ಬಂದರೂ ಸಂಪರ್ಕ ಸಡಿಲವಾಗಿದೆ, ಇಲ್ಲವೇ ಕರೆಂಟು ಹೆಚ್ಚಾಗಿ ಫಿಲ್ಮು ಬಿಸಿಯಾಗುತ್ತಿದೆ ಎಂದೇ ತಿಳಿಯಬೇಕು.

ಇನ್ನು ಹಾಲ್ ಅಳತೆ. ಎಲೆಕ್ಟ್ರೋಮ್ಯಾಗ್ನೆಟ್ಟಿನ ಎರಡು ಧ್ರುವಗಳ ನಡುವೆ ತುಂಡನ್ನಿಟ್ಟೆವು. ಗಾಸ್‌ಮೀಟರು 0.5 ಟೆಸ್ಲಾ ತೋರಿಸಿತು. ಫಿಲ್ಮಿನಿಂದ ನಮ್ಮ ಕಡೆಗೆ ಬರುವ ದಿಕ್ಕನ್ನು ಪ್ಲಸ್ ಎಂದು ಹೆಸರಿಸಿದೆವು. ಈ ಬಾರಿ ಕರೆಂಟು ಓರೆಯಾಗಿ, 1ರಿಂದ 3ಕ್ಕೆ, 1 ಮಿಲಿಆಂಪಿಯರ್. ಅಡ್ಡಲಾಗಿ 2 ಮತ್ತು 4ರ ನಡುವಿನ ವೋಲ್ಟೇಜ್ ಓದಿದಾಗ ಬಂದದ್ದು ಮೈನಸ್ 737 ಮೈಕ್ರೋವೋಲ್ಟ್. ಹೊಸಬರು ಇಲ್ಲೇ ಹಾಲ್ ವೋಲ್ಟೇಜ್ ಸಿಕ್ಕಿತೆಂದು ಬರೆದುಕೊಂಡುಬಿಡುತ್ತಾರೆ. ಅದರಲ್ಲಿ ಹಾಲ್ ಪರಿಣಾಮಕ್ಕೆ ಸೇರಿದ್ದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದನ್ನು ಒಂದೊಂದಾಗಿ ಬೇರ್ಪಡಿಸಬೇಕು.

ಮೊದಲು ಕರೆಂಟನ್ನು ತಿರುಗಿಸಿದೆವು. ಬರಿಯ ಚಿಹ್ನೆ ಬದಲಾಗಿ ಪ್ಲಸ್ 737 ಬರಬೇಕಿತ್ತು, ಬಂದದ್ದು ಪ್ಲಸ್ 741. ಮೇಲಿನ 4ರ ಅರ್ಧ, ಅಂದರೆ 2 ಮೈಕ್ರೋವೋಲ್ಟ್, ಕರೆಂಟು ಯಾವ ಕಡೆ ಹರಿದರೂ ಚಿಹ್ನೆ ಬಿಟ್ಟುಕೊಡುತ್ತಿಲ್ಲ. ಇಂಡಿಯಂ, ತಾಮ್ರ ಮತ್ತು ಫಿಲ್ಮು ಕೂಡುವಲ್ಲಿ ಒಂದು ಕಡೆ ಕೊಂಚ ಬೆಚ್ಚಗಿದ್ದರೆ ಹುಟ್ಟುವ ಉಷ್ಣ ವೋಲ್ಟೇಜ್ ಅದು. ಎರಡು ರೀಡಿಂಗ್‌ಗಳ ವ್ಯತ್ಯಾಸದ ಅರ್ಧ ತೆಗೆದರೆ ಅದು ಕಳೆದುಹೋಗಿ ಮೈನಸ್ 739 ಉಳಿಯುತ್ತದೆ.

ಈ 739ರಲ್ಲಿ ದೊಡ್ಡ ಪಾಲು ಯಾವುದು? ಸಂಪರ್ಕ 2 ಮತ್ತು 4 ಕರೆಂಟಿನ ಹಾದಿಗೆ ಕರಾರುವಾಕ್ಕಾಗಿ ಎದುರುಬದುರು ಕೂತಿಲ್ಲ. ಒಂದು ಚೂರು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ಕಾಂತವೇ ಇಲ್ಲದಿದ್ದರೂ ಅವುಗಳ ನಡುವೆ ಬರಿಯ ರೋಧದಿಂದಲೇ ವೋಲ್ಟೇಜ್ ಬೀಳುತ್ತದೆ. ಅದು ಎಷ್ಟಿರಬೇಕು ಎಂಬುದೂ ನಮಗಾಗಲೇ ಗೊತ್ತು. `RA` ಮತ್ತು `RB`ಗಳ ವ್ಯತ್ಯಾಸ 0.70 ಓಮ್, 1 ಮಿಲಿಆಂಪಿಯರಿಗೆ 700 ಮೈಕ್ರೋವೋಲ್ಟ್. ಈ ಹೊಂದಾಣಿಕೆ ಕಾಕತಾಳೀಯವಲ್ಲ, ನಾಲ್ಕು ಸಂಪರ್ಕಗಳ ಜಾಲದಲ್ಲಿ ಅದು ಹಾಗೆಯೇ ಇರಬೇಕು. ಕಾಂತವನ್ನು ಆರಿಸಿ ಒಮ್ಮೆ ಅಳೆದು ಈ ಅಂಕಿ ಬರುತ್ತದೋ ಇಲ್ಲವೋ ನೋಡಿದರೆ ತಂತಿಗಳನ್ನು ತಪ್ಪು ಜಾಗಕ್ಕೆ ಸಿಕ್ಕಿಸಿದ್ದು ಆಗಲೇ ಗೊತ್ತಾಗುತ್ತದೆ. ನಾನು ಇದನ್ನು ಯಾವತ್ತೂ ಬಿಡುವುದಿಲ್ಲ.

ಕೊನೆಗೆ ಕಾಂತಕ್ಷೇತ್ರವನ್ನು ತಿರುಗಿಸಿದೆವು. ರೋಧದ 700 ಅಲ್ಲಾಡಲಿಲ್ಲ, ಆದರೆ ಒಟ್ಟು ರೀಡಿಂಗು ಮೈನಸ್ 739ರಿಂದ ಮೈನಸ್ 661ಕ್ಕೆ ಬಂತು. ವ್ಯತ್ಯಾಸ ಮೈನಸ್ 78, ಅದರ ಅರ್ಧ ಮೈನಸ್ 39 ಮೈಕ್ರೋವೋಲ್ಟ್. ಕಾಂತ ತಿರುಗಿದಾಗ ತಾನೂ ತಿರುಗಿದ್ದು ಇಷ್ಟೇ, ಹಾಲ್ ವೋಲ್ಟೇಜ್ ಇಷ್ಟೇ. ನಾವು ಗುರುತು ಹಾಕಿಕೊಂಡ ದಿಕ್ಕುಗಳಲ್ಲಿ ಮೈನಸ್ ಎಂದರೆ ಎಲೆಕ್ಟ್ರಾನ್‌ಗಳು, ಎನ್-ಟೈಪ್. ಕಾಂತವನ್ನು ಮತ್ತೆ ಪ್ಲಸ್‌ಗೆ ತಂದು ಮೈನಸ್ 739 ಮರಳಿ ಬರುತ್ತದೆಯೇ ಎಂದೂ ನೋಡಿದೆವು. ಬರದಿದ್ದರೆ ಅಳೆಯುತ್ತಿದ್ದಾಗಲೇ ಫಿಲ್ಮು ಬದಲಾಗುತ್ತಿತ್ತು ಎಂದು ಅರ್ಥವಾಗುತ್ತಿತ್ತು.

ಇನ್ನೊಂದು ಓರೆಯಲ್ಲೂ ಅಳೆಯಬೇಕು. 4ರಿಂದ 2ಕ್ಕೆ ಕರೆಂಟು ಬಿಟ್ಟು 1 ಮತ್ತು 3ರ ನಡುವೆ ಓದಿದಾಗ, ಕ್ಷೇತ್ರ ಪ್ಲಸ್ ಇರುವಾಗಲೇ, ಪ್ಲಸ್ 661 ಬಂತು. ಮೊದಲ ಓರೆಯ ಮೈನಸ್ 739ರೊಂದಿಗೆ ಕೂಡಿಸಿ ಅರ್ಧ ಮಾಡಿದರೆ ಮತ್ತೆ ಮೈನಸ್ 39. ಕಾಂತವನ್ನು ತಿರುಗಿಸಲಾಗದ ಕಾಲೇಜು ಪ್ರಯೋಗಾಲಯಗಳಿಗೆ, ಶಾಶ್ವತ ಕಾಂತವೊಂದೇ ಇರುವವರಿಗೆ, ಇದು ದೊಡ್ಡ ಅನುಕೂಲ. ಎರಡು ಓರೆಗಳಲ್ಲಿ ರೋಧದ ಪಾಲಿಗೆ ವಿರುದ್ಧ ಚಿಹ್ನೆ, ಹಾಲ್ ಪಾಲಿಗೆ ಒಂದೇ ಚಿಹ್ನೆ.

ಮಿಕ್ಕಿದ್ದು ಲೆಕ್ಕ. ಎಲ್ಲವನ್ನೂ ವೋಲ್ಟ್, ಆಂಪಿಯರ್, ಟೆಸ್ಲಾ, ಮೀಟರುಗಳಲ್ಲಿ ಹಾಕಿದರೆ ಗೊಂದಲವಿಲ್ಲ:

```
ns = I·B / (q·|VH|)
n  = ns / t
μ  = |VH| / (I·B·Rs)
```

ಇಲ್ಲಿ `q` ಎಲೆಕ್ಟ್ರಾನಿನ ಚಾರ್ಜು, `1.602 × 10⁻¹⁹` ಕೂಲಂಬ್. ಮೊದಲ ಸಾಲಿನಿಂದ ಪ್ರತಿ ಚದರ ಸೆಂಟಿಮೀಟರ್ ಫಿಲ್ಮಿಗೆ `8.0 × 10¹⁵` ಎಲೆಕ್ಟ್ರಾನ್‌ಗಳು ಸಿಕ್ಕವು. ದಪ್ಪದಿಂದ ಭಾಗಿಸಿದರೆ ಪ್ರತಿ ಘನ ಸೆಂಟಿಮೀಟರಿಗೆ `4.0 × 10²⁰`. ಮೂರನೆಯ ಸಾಲು ಮೊಬಿಲಿಟಿ, ಅಂದರೆ ವಿದ್ಯುತ್ ಕ್ಷೇತ್ರ ಎಳೆದಾಗ ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಸಾಗುತ್ತದೆ ಎಂಬ ಅಳತೆ: `15.6 cm²/V·s`. ಈ ಬಗೆಯ ಫಿಲ್ಮಿಗೆ ಮೂರೂ ಒಪ್ಪುವ ಅಂಕಿಗಳೇ.

ಮೂರನೆಯ ಸಾಲನ್ನು ಮತ್ತೊಮ್ಮೆ ನೋಡಿ, ಅದರಲ್ಲಿ ದಪ್ಪ ಇಲ್ಲವೇ ಇಲ್ಲ. 200 ನ್ಯಾನೊಮೀಟರ್ ಎಂದುಕೊಂಡದ್ದು ನಿಜವಾಗಿ 180 ಆಗಿದ್ದರೆ ಸಾಂದ್ರತೆ ಮತ್ತು ರೆಸಿಸ್ಟಿವಿಟಿ ಎರಡೂ ಶೇಕಡಾ ಹತ್ತರಷ್ಟು ಆಚೀಚೆಯಾಗುತ್ತವೆ, ಮೊಬಿಲಿಟಿ ಮಾತ್ರ ಕದಲುವುದಿಲ್ಲ. ಆದ್ದರಿಂದ ಎರಡು ಫಿಲ್ಮುಗಳನ್ನು ಹೋಲಿಸುವಾಗ ಸಾಂದ್ರತೆ ಬೇರೆಯಾಗಿ ಮೊಬಿಲಿಟಿ ಒಂದೇ ಇದ್ದರೆ, ಡೋಪಿಂಗ್ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ದಪ್ಪವನ್ನು ಪ್ರೊಫೈಲೋಮೀಟರಿನಲ್ಲಿ ಇನ್ನೊಮ್ಮೆ ಅಳೆಸುವುದು ಒಳ್ಳೆಯದು. ಫಿಲ್ಮು ಗಾಜಿನ ಮೇಲಿರದೆ ಸಿಲಿಕಾನ್ ಬಿಲ್ಲೆಯ ಮೇಲಿದ್ದರೆ ಕರೆಂಟಿನ ಒಂದು ಪಾಲು ಬಿಲ್ಲೆಯಲ್ಲೇ ಹರಿದುಬಿಡಬಹುದು. ಆಗ ಈ ಅಂಕಿಗಳು ಫಿಲ್ಮಿನವಾಗಿ ಉಳಿಯುವುದಿಲ್ಲ. ಅದೇ ಪದರವನ್ನು ಗಾಜಿನ ತುಂಡೊಂದರ ಮೇಲೂ ಜೊತೆಗೇ ಕೂರಿಸಿ ಅದನ್ನು ಅಳೆಯುವುದು ಸುಲಭದ ದಾರಿ.

ಹಾಗಾದರೆ ಅವಳ ಮೊದಲ ತುಂಡು ಪಿ-ಟೈಪ್ ಆದದ್ದು ಹೇಗೆ?

ಅವಳು ಅಳೆದದ್ದು ಇಂಡಿಯಂ ಇಲ್ಲದೆ, ಸ್ಪ್ರಿಂಗ್ ಪಿನ್ನುಗಳಿರುವ ಹೋಲ್ಡರಿನಲ್ಲಿ. ಪಿನ್ನುಗಳು ಮೂಲೆಯಿಂದ ಎರಡು ಮಿಲಿಮೀಟರ್ ಒಳಗೆ ಕೂರುತ್ತಿದ್ದವು. ಅಷ್ಟರಿಂದಲೇ ಚಿಹ್ನೆ ತಿರುಗುವುದಿಲ್ಲ, ಹಾಲ್ ವೋಲ್ಟೇಜ್ ಕಡಿಮೆಯಾಗುತ್ತದೆ ಅಷ್ಟೇ. ಆದರೆ ತುಂಡು ಬಂದ ಜಾಗವೂ ಕೆಟ್ಟದ್ದಾಗಿತ್ತು. ಸ್ಪಟರಿಂಗ್ ಮಾಡುವಾಗ ಟಾರ್ಗೆಟ್ಟಿನ ಮೇಲೆ ಉಂಗುರದಂಥ ಪಟ್ಟಿಯೊಂದು ಹೆಚ್ಚು ಸವೆಯುತ್ತದೆ. ಆ ಪಟ್ಟಿಗೆ ನೇರ ಎದುರಿಗಿರುವ ಫಿಲ್ಮಿನ ಭಾಗಕ್ಕೆ ವೇಗದ ಆಕ್ಸಿಜನ್ ಅಯಾನುಗಳು ಬಡಿಯುತ್ತವೆ, ಅಲ್ಲಿ ಜಿಂಕ್ ಆಕ್ಸೈಡ್ ಹದಗೆಟ್ಟು ರೋಧ ಏರುತ್ತದೆ. ಅವಳ ತುಂಡಿನ ನಡುಭಾಗ ಸರಿಯಾಗಿ ಆ ಪಟ್ಟಿಯ ಎದುರು ಬಿದ್ದಿತ್ತು, ನಾನು ಬೇರೆ ಜಾಗ ಆರಿಸಿದ್ದು ಇದಕ್ಕೇ. ಅಂದರೆ ನಡುವೆ ಕೆಟ್ಟ ವಾಹಕ, ಸುತ್ತ ಒಳ್ಳೆಯ ವಾಹಕ. ಪಿನ್ನುಗಳು ಇವೆರಡರ ಗಡಿಯಲ್ಲಿ.

ಇದನ್ನು ಅತಿಗೆ ಒಯ್ದು ನೋಡಿ. ನಡುವೆ ಪೂರ್ತಿ ತೂತಿದೆ, ಫಿಲ್ಮು ಒಂದು ಬಳೆ, ಸಂಪರ್ಕಗಳು ಬಳೆಯ ಒಳಗಿನ ಅಂಚಿನಲ್ಲಿವೆ. 1ರಿಂದ 3ಕ್ಕೆ ಹೋಗುವ ಕರೆಂಟು ಈಗ 2 ಮತ್ತು 4ರ ನಡುವೆ ಹಾಯುವುದಿಲ್ಲ, ಅವುಗಳ ಹೊರಗಿಂದ ಬಳಸಿಕೊಂಡು ಹೋಗುತ್ತದೆ. ಹರಿವಿನ ಎಡಕ್ಕಿರಬೇಕಾದ ಸಂಪರ್ಕ ಬಲಕ್ಕೆ ಬಂತು, ಬಲದ್ದು ಎಡಕ್ಕೆ ಹೋಯಿತು. ಎಲೆಕ್ಟ್ರಾನ್‌ಗಳು ತಮ್ಮ ಧರ್ಮದಂತೆಯೇ ನಡೆದಿವೆ, ವೋಲ್ಟೇಜಿನ ಚಿಹ್ನೆ ಮಾತ್ರ ಉಲ್ಟಾ ಬರುತ್ತದೆ. ಪಿ-ಟೈಪ್ ಜಿಂಕ್ ಆಕ್ಸೈಡ್ ಮಾಡಿದೆವೆಂದು ಪ್ರಕಟವಾದ ವರದಿಗಳಲ್ಲಿ ಕೆಲವನ್ನು ಇದೇ ಕಾರಣಕ್ಕೆ ಮರುಪರಿಶೀಲಿಸಬೇಕೆಂಬ ಎಚ್ಚರಿಕೆಯೂ ಈ ಕ್ಷೇತ್ರದಲ್ಲಿ ಬಂದಿದೆ.

ನಾನು ಮೇಲೆ ಹೇಳಿದ ತಾಳೆಗಳಲ್ಲಿ ಒಂದೂ ಈ ತಪ್ಪನ್ನು ಹಿಡಿಯುವುದಿಲ್ಲ. ಕರೆಂಟಿನ ಜೋಡಿ ಅದಲುಬದಲು ಮಾಡಿದರೂ, ಕಾಂತ ತಿರುಗಿಸಿದರೂ, ಎರಡು ಓರೆಗಳನ್ನು ಕೂಡಿಸಿದರೂ ಎಲ್ಲ ಸರಿಯಾಗಿಯೇ ಬರುತ್ತವೆ. ಏಕೆಂದರೆ ಅವು ಸಮವಿಲ್ಲದ ಫಿಲ್ಮಿಗೂ ನಿಜವಾದ ನಿಯಮಗಳು. ಅವಳ ಎಂಟು ರೀಡಿಂಗ್‌ಗಳಲ್ಲಿ ಹುಳುಕು ಕಾಣದಿದ್ದುದು ಇದರಿಂದಲೇ. ತಪ್ಪು ಹಿಡಿಯಲು ಹೊರಗಿನ ಸಾಕ್ಷಿ ಬೇಕು. ಸುಲಭವಾದದ್ದು ಬಿಸಿ ಮೊನೆಯ ಪರೀಕ್ಷೆ. ಮಲ್ಟಿಮೀಟರಿನ ಪ್ಲಸ್ ಪಿನ್ನನ್ನು ಸೋಲ್ಡರಿಂಗ್ ಕಬ್ಬಿಣಕ್ಕೆ ತಾಗಿಸಿ ಬಿಸಿ ಮಾಡಿ, ಎರಡೂ ಪಿನ್ನುಗಳನ್ನು ಫಿಲ್ಮಿನ ಮೇಲಿಟ್ಟರೆ, ಎನ್-ಟೈಪ್ ಫಿಲ್ಮಿನಲ್ಲಿ ಎಲೆಕ್ಟ್ರಾನ್‌ಗಳು ಬಿಸಿಯಿಂದ ತಣ್ಣನೆಯ ಕಡೆಗೆ ಸರಿದು ಬಿಸಿ ಪಿನ್ನು ಪಾಸಿಟಿವ್ ಆಗುತ್ತದೆ. ಅವಳ "ಪಿ-ಟೈಪ್" ತುಂಡಿನ ಮೇಲೆ ಇಟ್ಟಾಗ ಮೀಟರು ಪಾಸಿಟಿವ್ ತೋರಿಸಿತು. ಆಮೇಲೆ ಆ ತುಂಡಿನ ನಾಲ್ಕೂ ಬದಿಯಿಂದ ಎರಡೆರಡು ಮಿಲಿಮೀಟರ್ ಕತ್ತರಿಸಿ ತೆಗೆದು, ಹೊಸ ಮೂಲೆಗಳಿಗೆ ಇಂಡಿಯಂ ಒತ್ತಿ ಅಳೆದೆವು. ಚಿಹ್ನೆ ಮೈನಸ್ಸಿಗೆ ಬಂತು.

ಹಾಲ್ ಅಳತೆಗೆ ತನ್ನದೇ ಆದ ಒಂದು ಮಿತಿಯೂ ಇದೆ. ಹಾಲ್ ವೋಲ್ಟೇಜನ್ನು `I·Rs`ನಿಂದ ಭಾಗಿಸಿದರೆ ಸಿಗುವುದು `μ·B`. ನಮ್ಮ ಫಿಲ್ಮಿನಲ್ಲಿ ಅದು ಹತ್ತು ಸಾವಿರದಲ್ಲಿ ಸುಮಾರು 8 ಪಾಲು, ಹೆಣಗಾಡದೆ ಅಳೆಯಬಹುದು. ಮೊಬಿಲಿಟಿ `0.1 cm²/V·s` ಇರುವ ಫಿಲ್ಮು ತೆಗೆದುಕೊಂಡರೆ ಅದೇ 0.5 ಟೆಸ್ಲಾದಲ್ಲಿ ಅದು ಹತ್ತು ಲಕ್ಷದಲ್ಲಿ 5 ಪಾಲು. ಸಂಪರ್ಕಗಳ ಓರೆಕೋರೆಯಿಂದ `I·Rs`ನ ಶೇಕಡಾ ಒಂದರಷ್ಟು ರೋಧದ ವೋಲ್ಟೇಜ್ ಇದೆ ಎಂದುಕೊಳ್ಳಿ, ಫಿಲ್ಮಿನ ರೋಧ ಪ್ರತಿ ಡಿಗ್ರಿಗೆ ಶೇಕಡಾ ಒಂದರಷ್ಟು ಬದಲಾಗುತ್ತದೆ ಎಂದುಕೊಳ್ಳಿ. ಕಾಂತ ತಿರುಗಿಸುವಷ್ಟರಲ್ಲಿ ಫಿಲ್ಮು ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ ಬಿಸಿಯಾದರೂ ಸಾಕು, ಹುಟ್ಟುವ ಬದಲಾವಣೆ ಹಾಲ್ ವೋಲ್ಟೇಜಿನಷ್ಟೇ ಆಗುತ್ತದೆ. ಫ್ಯಾನಿನ ಗಾಳಿ ಫಿಲ್ಮಿನ ಮೇಲೆ ಬಿದ್ದರೂ ಹೀಗಾಗಬಹುದು.

ಇಂಥ ಫಿಲ್ಮುಗಳಲ್ಲಿ ಚಿಹ್ನೆ ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಬರುತ್ತದೆ, ಸಾಂದ್ರತೆ ದಿನಕ್ಕೊಂದು ಅಂಕಿ ಆಗುತ್ತದೆ. ಕಾಂತವನ್ನು ನಿಧಾನವಾಗಿ ಆಚೀಚೆ ಓಲಾಡಿಸುತ್ತ ಅದೇ ತಾಳದಲ್ಲಿ ಏರಿಳಿಯುವ ವೋಲ್ಟೇಜನ್ನು ಮಾತ್ರ ಲಾಕ್-ಇನ್ ಆಂಪ್ಲಿಫೈಯರಿನಿಂದ ಆರಿಸಿಕೊಳ್ಳುವ ಯಂತ್ರಗಳಿಗೆ ಇಂಥ ಫಿಲ್ಮುಗಳನ್ನು ಅಳೆಯುವುದು ಸಾಧ್ಯ. ಸಾಮಾನ್ಯ ಯಂತ್ರವಾದರೆ ಪ್ಲಸ್, ಮೈನಸ್ ಎಂದು ಕಾಂತವನ್ನು ಹತ್ತಾರು ಸಲ ತಿರುಗಿಸಿ ಪ್ರತಿ ಸಲದ ಹಾಲ್ ವೋಲ್ಟೇಜನ್ನೂ ಬೇರೆಬೇರೆ ಬರೆದಿಡಬೇಕು. ಆ ಹತ್ತಾರು ಅಂಕಿಗಳ ಹರವು ಅವುಗಳ ಸರಾಸರಿಗಿಂತ ದೊಡ್ಡದಿದ್ದರೆ ಆ ಫಿಲ್ಮಿನ ಮುಂದೆ ಪಿ ಎಂದೂ ಬರೆಯಬಾರದು, ಎನ್ ಎಂದೂ ಬರೆಯಬಾರದು. ನಮ್ಮ ವಿದ್ಯಾರ್ಥಿನಿ ಈಗ ಆ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಬಿಸಿ ಮೊನೆಯ ಚಿಹ್ನೆಯನ್ನೂ ಸಂಪರ್ಕಗಳು ಕೂತ ಚಿತ್ರವನ್ನೂ ಹಾಕಿಡುತ್ತಾಳೆ.